ಟೆರಿಕಾಟ್ ಶರ್ಟನ್ನು ಮತ್ತೆ ಬಟ್ಟೆ ಮಾಡೋದು ಯಾಕೆ ಕಷ್ಟ?

ಪ್ರಶ್ನೆ: ವಿರಾಜಪೇಟೆ ಹತ್ತಿರದ ನಮ್ಮ ಶಾಲೆಯಲ್ಲಿ ಮಕ್ಕಳ ಹಳೆ ಯೂನಿಫಾರ್ಮ್ ಒಟ್ಟು ಮಾಡಿದ್ವಿ. ಸುಮಾರು 300 ಕೆಜಿ ಆಗಿದೆ, ಜಾಸ್ತಿ ಟೆರಿಕಾಟೇ. ಮೈಸೂರಿನ ಗುಜರಿಯವರು "ಕಾಟನ್ ಇದ್ರೆ ಕೊಡಿ, ಟೆರಿಕಾಟ್ ಬೇಡ" ಅಂದುಬಿಟ್ಟರು. ನೀರಿನ ಬಾಟಲಿಯಿಂದ ಟೀ ಶರ್ಟ್ ಮಾಡ್ತಾರಂತೆ, ಶರ್ಟಿನಿಂದ ಶರ್ಟ್ ಯಾಕೆ ಆಗಲ್ಲ? ಮೆಷಿನ್‌ನಲ್ಲಿ ಚಿಂದಿ ಮಾಡೋದು, ಕೆಮಿಕಲ್‌ನಲ್ಲಿ ಕರಗಿಸೋದು ಅಂತ ಎರಡು ದಾರಿ ಇದೆ ಅಂತಾರೆ. ಯಾವುದು ಒಳ್ಳೇದು?
– ಒಬ್ಬ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಉತ್ತರ:

ಮೇಡಂ, ಆ ಗುಜರಿಯವರ ಮೇಲೆ ಬೇಸರ ಮಾಡ್ಕೊಬೇಡಿ. ಅವರು ಹೇಳಿದ್ದು ಅವರ ವ್ಯಾಪಾರದ ಮಟ್ಟಿಗೆ ಸರಿ. ಅವರಿಂದ ಹಳೆ ಬಟ್ಟೆ ಕೊಳ್ಳುವವರಲ್ಲಿ ಒಂದು ಪಾಲು ಗ್ಯಾರೇಜಿನವರು. ಕೈ, ಮೆಷಿನ್ ಒರೆಸಲು ಅವರಿಗೆ ನೀರು ಹೀರುವ ಬಟ್ಟೆ ಬೇಕು. ಟೆರಿಕಾಟ್ ಸರಿಯಾಗಿ ಹೀರುವುದಿಲ್ಲ, ಬಿಸಿ ಇಂಜಿನ್‌ಗೆ ತಗುಲಿದರೆ ಕರಗಿ ಅಂಟಿಕೊಳ್ಳುತ್ತದೆ. ಇನ್ನೊಂದು ಪಾಲು ಹೋಗುವುದು ಹಳೆ ಕಾಟನ್‌ನಿಂದ ಒರಟು ನೂಲು ತೆಗೆಯುವ ಮಿಲ್ಲುಗಳಿಗೆ. ಅಲ್ಲಿಯೂ ಪಾಲಿಯೆಸ್ಟರ್ ಎಷ್ಟು ಬೆರೆತಿದೆ ಅಂತ ಗೊತ್ತಿಲ್ಲದ ಮಾಲು ಬೇಡ.

ನಾನು ಮೂವತ್ತು ವರ್ಷ ನೂಲಿನ ಮಿಲ್ಲುಗಳ ಲ್ಯಾಬ್‌ಗಳಲ್ಲಿ ಕೆಲಸ ಮಾಡಿದವನು. ಆದರೆ ಟೆರಿಕಾಟ್ ಅಂದರೇನು ಅಂತ ನನಗೆ ಮೊದಲು ಗೊತ್ತಾಗಿದ್ದು ಲ್ಯಾಬ್‌ನಲ್ಲಲ್ಲ, ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ. ಕರಿಮೆಣಸಿನ ಬಳ್ಳಿಯನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಲು ಅಮ್ಮ ಹಳೆ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಕೊಡುತ್ತಿದ್ದರು. ಅಪ್ಪನ ಕಾಟನ್ ಪಂಚೆಯ ಪಟ್ಟಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮುಟ್ಟಿದರೆ ಪುಡಿಯಾಗುತ್ತಿತ್ತು. ನನ್ನ ಸ್ಕೂಲ್ ಶರ್ಟಿನ ಪಟ್ಟಿ ಮಾತ್ರ ಮಾರನೇ ವರ್ಷವೂ ಮರದಲ್ಲೇ ಇತ್ತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆ ಸೊಳ್ಳೆ ಪರದೆ ಥರ ತೆಳ್ಳಗಾಗಿತ್ತು, ಆಚೆ ಇರುವ ಮರ ಮಸುಕಾಗಿ ಕಾಣುತ್ತಿತ್ತು. ಎಳೆದರೆ ಹರಿಯಲಿಲ್ಲ. ಅದರೊಳಗಿನ ಹತ್ತಿಯನ್ನು ಕಕ್ಕಡ ತಿಂಗಳ ಮಳೆ ಮತ್ತು ಬೂಷ್ಟು ಸೇರಿ ತಿಂದು ಮುಗಿಸಿದ್ದವು. ಉಳಿದದ್ದು ಬರೀ ಪಾಲಿಯೆಸ್ಟರ್.

ಬೂಷ್ಟು ಅಲ್ಲಿ ಮಾಡಿದ ಕೆಲಸವನ್ನೇ ಈಗ ದೊಡ್ಡ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಮಾಡಲು ನೋಡುತ್ತಿವೆ. ಅದು ಯಾಕಷ್ಟು ಕಷ್ಟ ಅಂತ ತಿಳಿಯಬೇಕಾದರೆ ನಿಮ್ಮ ರಾಶಿಯಿಂದ ಒಂದು ಶರ್ಟ್ ತೆಗೆದು ಅದರ ಒಂದೇ ಒಂದು ನೂಲನ್ನು ನೋಡಬೇಕು.

ಯೂನಿಫಾರ್ಮ್ ಶರ್ಟಿನ ಬಟ್ಟೆ ಸಾಮಾನ್ಯವಾಗಿ 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ. ಇಲ್ಲೇ ಹಲವರು ತಪ್ಪು ತಿಳಿಯುತ್ತಾರೆ. ಉದ್ದಕ್ಕೆ ಪಾಲಿಯೆಸ್ಟರ್ ನೂಲು, ಅಡ್ಡಕ್ಕೆ ಹತ್ತಿ ನೂಲು ಅಂತ ಅಂದುಕೊಳ್ಳುತ್ತಾರೆ. ಹಾಗಿದ್ದಿದ್ದರೆ ಬೇರೆ ಮಾಡುವುದು ಎಷ್ಟೋ ಸುಲಭವಾಗುತ್ತಿತ್ತು. ನಿಜದಲ್ಲಿ ಎರಡೂ ಬೆರೆಯುವುದು ನೂಲಾಗುವ ಮೊದಲೇ. ಮಿಲ್ಲಿನಲ್ಲಿ ಪಾಲಿಯೆಸ್ಟರನ್ನು 38 ಮಿಲಿಮೀಟರ್ ಉದ್ದದ ತುಂಡುಗಳಾಗಿ, ಹತ್ತಿಯಂತೆಯೇ ಕಾಣುವ ಹಾಗೆ ತರಿಸುತ್ತಾರೆ. ಎರಡನ್ನೂ ಸೇರಿಸಿ ಎಳೆದು, ಮತ್ತೆ ಮಡಿಸಿ ಎಳೆದು, ಯಾವುದು ಎಲ್ಲಿದೆ ಅಂತ ಗೊತ್ತಾಗದಷ್ಟು ಬೆರೆಸಿದ ಮೇಲೆಯೇ ತಿರುಚಿ ನೂಲು ಮಾಡುವುದು.

ನೂಲು ಎಷ್ಟು ತೆಳು ಅನ್ನುವುದನ್ನು ಕೌಂಟ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಹೆಚ್ಚಾದಷ್ಟು ನೂಲು ತೆಳು. 45 ಕೌಂಟ್ ಶರ್ಟಿಂಗ್ ನೂಲನ್ನು ಅಡ್ಡ ಕತ್ತರಿಸಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರೆ ಸುಮಾರು 90ರಿಂದ 100 ನಾರುಗಳ ತುದಿ ಕಾಣುತ್ತದೆ. ಅದರಲ್ಲಿ ಅರವತ್ತು ಚಿಲ್ಲರೆ ಪಾಲಿಯೆಸ್ಟರ್, ಗುಂಡಗೆ, ಒಂದೇ ಅಳತೆ. ಮೂವತ್ತರಷ್ಟು ಹತ್ತಿ, ಹುರುಳಿಕಾಯಿಯನ್ನು ಅಡ್ಡ ಕತ್ತರಿಸಿದ ಹಾಗೆ ಚಪ್ಪಟೆ. ಒಂದೊಂದು ನಾರೂ ತಲೆಕೂದಲಿಗಿಂತ ಎಷ್ಟೋ ತೆಳು, ಒಂದು ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು ಇದ್ದರೆ ಹೆಚ್ಚು. ದಪ್ಪ ಹೆಚ್ಚುಕಮ್ಮಿ ಒಂದೇ, ಉದ್ದ ಹತ್ತಿರ ಹತ್ತಿರ, ಒಂದರ ಮೇಲೊಂದು ಸುತ್ತಿಕೊಂಡಿವೆ. ಅಕ್ಕಿಯಿಂದ ಕಲ್ಲು ಆರಿಸಬಹುದು, ಯಾಕಂದರೆ ಕಲ್ಲು ಕಣ್ಣಿಗೆ ಬೀಳುತ್ತದೆ, ಬೆರಳಿಗೆ ಸಿಗುತ್ತದೆ. ಇಲ್ಲಿ ಆರಿಸುವ ಬೆರಳು ಯಾವ ಮೆಷಿನ್ನಿಗೂ ಇಲ್ಲ.

ಬೇರೆ ಮಾಡಲು ಆಗದ ಹಾಗೆ ಬೆರೆಸಿದ್ದೇ ಈ ಬಟ್ಟೆಯ ಗುಣ. ನಮ್ಮ ಕೊಡಗಿನಲ್ಲಿ ಅದರ ಲಾಭ ಚೆನ್ನಾಗಿ ಗೊತ್ತು. ಹತ್ತಿ ಸಾಧಾರಣ ಹವೆಯಲ್ಲೇ ತನ್ನ ತೂಕದ ನೂರಕ್ಕೆ 8.5 ಪಾಲಿನಷ್ಟು ತೇವ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು ಬರೀ 0.4 ಪಾಲು. ಜುಲೈನಲ್ಲಿ ವಾರಗಟ್ಟಲೆ ಬಿಸಿಲಿಲ್ಲದಿರುವಾಗ, ಒಲೆ ಮೇಲೆ ಹಗ್ಗ ಕಟ್ಟಿ ಮಕ್ಕಳ ಶರ್ಟ್ ಒಣಗಿಸುವ ಮನೆಗಳಲ್ಲಿ, ಈ ವ್ಯತ್ಯಾಸ ಸಣ್ಣದಲ್ಲ. ಅದಕ್ಕೇ ನಿಮ್ಮ ರಾಶಿಯಲ್ಲಿ ಟೆರಿಕಾಟ್ ಜಾಸ್ತಿ ಇರೋದು.

ಈಗ ಬಾಟಲಿಯ ವಿಷಯ. ಬಾಟಲಿಯ ಪ್ಲಾಸ್ಟಿಕ್ಕೂ ಶರ್ಟಿನ ಪಾಲಿಯೆಸ್ಟರ್ರೂ ಒಂದೇ ವಸ್ತು, PET. ನೀವು ಕೇಳಿದ್ದು ನ್ಯಾಯವಾಗಿಯೇ ಇದೆ. ಬಾಟಲಿಯನ್ನು ತೊಳೆದು, ಚೂರು ಮಾಡಿ, ಪೂರ್ತಿ ಒಣಗಿಸಿ, ಸುಮಾರು 280 ಡಿಗ್ರಿಯಲ್ಲಿ ಕರಗಿಸುತ್ತಾರೆ. ಆ ಪಾಕವನ್ನು ಸಣ್ಣ ಜಾಲರಿಯಲ್ಲಿ ಸೋಸಿ, ಕೂದಲೆಳೆಯಂಥ ತೂತುಗಳಿರುವ ತಟ್ಟೆಯ ಮೂಲಕ ಒತ್ತಿದರೆ ಶಾವಿಗೆಯ ಹಾಗೆ ಎಳೆ ಬರುತ್ತದೆ. ಇದೇ ಪಾತ್ರೆಗೆ ಟೆರಿಕಾಟ್ ಹಾಕಿದರೆ? ಹತ್ತಿ ಕರಗುವ ವಸ್ತುವೇ ಅಲ್ಲ. ಆ ಬಿಸಿಗೆ ಅದು ಕಂದಾಗಿ, ಕಪ್ಪಾಗಿ, ಇದ್ದಿಲಾಗುತ್ತದೆ. ಆ ಇದ್ದಿಲು ಜಾಲರಿಯನ್ನು ಕಟ್ಟುತ್ತದೆ. ಜಾಲರಿ ದಾಟಿದ ಚೂರು ಎಳೆಯಲ್ಲಿ ಸಿಕ್ಕಿಕೊಂಡು ಅದನ್ನು ಅಲ್ಲೇ ಕಡಿಯುತ್ತದೆ. ಹತ್ತಿ ಹಿಡಿದುಕೊಂಡ ತೇವ ಇನ್ನೊಂದು ತೊಂದರೆ. ಕರಗಿದ ಪಾಲಿಯೆಸ್ಟರಿಗೆ ಒಂದಿಷ್ಟು ನೀರು ಸೋಕಿದರೂ ಅದರ ಉದ್ದುದ್ದ ಸರಪಳಿಗಳು ತುಂಡಾಗುತ್ತವೆ, ಎಳೆಗೆ ಬಲವಿರುವುದಿಲ್ಲ. ಬಾಟಲಿ ಒಂದೇ ವಸ್ತು, ಅದರಲ್ಲೂ ಬಣ್ಣವಿಲ್ಲದ್ದು. ಶರ್ಟ್ ಎರಡು ವಸ್ತು. ಬಾಟಲಿ ಮತ್ತೆ ಬಟ್ಟೆಯಾಗುವುದಕ್ಕೂ ಶರ್ಟ್ ಆಗದಿರುವುದಕ್ಕೂ ಇದೇ ಕಾರಣ.

ಹಾಗಾದರೆ ಮೆಷಿನ್ ದಾರಿ ಅಂದರೇನು? ಅಲ್ಲಿ ಬೇರೆ ಮಾಡುವ ಪ್ರಯತ್ನವೇ ಇಲ್ಲ. ಹರಿಯಾಣದ ಪಾಣಿಪತ್ ಇದಕ್ಕೆ ಹೆಸರುವಾಸಿ, ಪ್ರಪಂಚದ ಎಷ್ಟೋ ಕಡೆಯ ಹಳೆ ಬಟ್ಟೆ ಅಲ್ಲಿಗೆ ಬರುತ್ತದೆ. ಮೊದಲು ಹೆಂಗಸರು ಕೂತು ಬಟ್ಟೆಯನ್ನು ಬಣ್ಣದ ಪ್ರಕಾರ ರಾಶಿ ಹಾಕುತ್ತಾರೆ. ಗುಂಡಿ, ಜಿಪ್ಪು, ಹುಕ್ಕು, ದಪ್ಪ ಹೊಲಿಗೆ ಕತ್ತರಿಸಿ ತೆಗೆಯುತ್ತಾರೆ. ಬಟ್ಟೆಯನ್ನು ಅಂಗೈಯಗಲ ತುಂಡು ಮಾಡಿ, ಉಕ್ಕಿನ ಮುಳ್ಳುಗಳು ತುಂಬಿದ ದೊಡ್ಡ ಉರುಳೆಗಳಿಗೆ ಕೊಡುತ್ತಾರೆ. ಒಂದರ ಹಿಂದೆ ಒಂದು ಹಲವು ಉರುಳೆ. ಮೊದಲನೆಯದು ಬಟ್ಟೆಯನ್ನು ಹರಿಯುತ್ತದೆ, ಆಮೇಲಿನವು ನೂಲನ್ನು ಬಿಡಿಸುತ್ತವೆ, ಕೊನೆಗೆ ಹಿಂಜಿದ ಹತ್ತಿಯಂಥ ರಾಶಿ ಬರುತ್ತದೆ. ಬಣ್ಣ ಮೊದಲೇ ವಿಂಗಡಿಸಿದ್ದರಿಂದ ಮತ್ತೆ ಬಣ್ಣ ಹಾಕುವ ಕೆಲಸವಿಲ್ಲ. ನೀರು ಹೆಚ್ಚು ಬೇಡ, ಕೆಮಿಕಲ್ ಬೇಡ. ಇದು ಈ ದಾರಿಯ ದೊಡ್ಡ ಗುಣ, ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಬೆಲೆ ತೆರುವುದು ನಾರಿನ ಉದ್ದ. ನೂಲಿನಲ್ಲಿ ನಾರುಗಳನ್ನು ಯಾವ ಗೋಂದೂ ಹಿಡಿದಿಲ್ಲ. ತಿರುಚಿದಾಗ ಪಕ್ಕಪಕ್ಕದ ನಾರುಗಳು ಒಂದನ್ನೊಂದು ಒತ್ತಿ ಹಿಡಿದುಕೊಳ್ಳುತ್ತವೆ, ಅಷ್ಟೇ. ನಾರು ಉದ್ದವಾದಷ್ಟು ಹಿಡಿತ ಹೆಚ್ಚು. 28 ಮಿಲಿಮೀಟರ್ ಇದ್ದ ಹತ್ತಿ ಆ ಮುಳ್ಳುಗಳ ನಡುವೆ ಹಾದು ಬರುವಾಗ ಅರ್ಧಕ್ಕರ್ಧ ಕಡಿದುಹೋಗುತ್ತದೆ. ಹತ್ತು ಮಿಲಿಮೀಟರಿಗಿಂತ ಗಿಡ್ಡ ನಾರು ನೂಲಿನಲ್ಲಿ ಸುಮ್ನೆ ಜಾಗ ತಿನ್ನುತ್ತದೆ, ಬಲ ಕೊಡುವುದಿಲ್ಲ. ಅದಕ್ಕೇ ಇಂಥ ಮಾಲಿಗೆ ಹೊಸ ನಾರು ಬೆರೆಸಿ, 10 ಕೌಂಟ್ ಆಸುಪಾಸಿನ ದಪ್ಪ ನೂಲು ತೆಗೆಯುತ್ತಾರೆ. ಅದು ಕಂಬಳಿಗೆ ಆಗುತ್ತದೆ, ಕಾಲೊರೆಸುವ ಮ್ಯಾಟಿಗೆ ಆಗುತ್ತದೆ. 45 ಕೌಂಟಿನ ಶರ್ಟಿಗೆ ಆಗುವುದಿಲ್ಲ.

ಮಿಶ್ರ ಬಟ್ಟೆಯಲ್ಲಿ ಇನ್ನೊಂದು ತೊಂದರೆ ಸೇರಿಕೊಳ್ಳುತ್ತದೆ. ಹತ್ತಿ ಮೆತ್ತಗೆ, ಬೇಗ ಕಡಿಯುತ್ತದೆ. ಪಾಲಿಯೆಸ್ಟರ್ ಗಟ್ಟಿ, ಸುಲಭಕ್ಕೆ ಕಡಿಯದು. ಹತ್ತಿಗೆ ಸರಿಯಾಗುವ ಹಾಗೆ ಮೆಷಿನ್ ನಿಧಾನ ಓಡಿಸಿದರೆ ಪಾಲಿಯೆಸ್ಟರ್ ಬಿಚ್ಚಿಕೊಳ್ಳದೆ ನೂಲಿನ ತುಣುಕಾಗಿಯೇ ಉಳಿಯುತ್ತದೆ. ಪಾಲಿಯೆಸ್ಟರಿಗೆ ಸರಿಯಾಗಲಿ ಅಂತ ಜೋರಾಗಿ ಓಡಿಸಿದರೆ ಹತ್ತಿ ದೂಳಾಗಿ ಫಿಲ್ಟರ್ ಸೇರುತ್ತದೆ. ಜೊತೆಗೆ ಉಜ್ಜಾಟದ ಬಿಸಿಗೆ ಪಾಲಿಯೆಸ್ಟರ್ ಅಲ್ಲಲ್ಲಿ ಮೆತ್ತಗಾಗಿ ಸಣ್ಣ ಗಂಟಾಗುತ್ತದೆ. ಲ್ಯಾಬ್‌ನಲ್ಲಿ ಆ ರಾಶಿಯಿಂದ ಒಂದು ಹಿಡಿ ತೆಗೆದು ಕಪ್ಪು ವೆಲ್ವೆಟ್ ಹಲಗೆ ಮೇಲೆ ಹರಡುತ್ತಿದ್ದೆವು. ಬೆರಳಾಡಿಸಿದರೆ ರವೆ ಚೆಲ್ಲಿದ ಹಾಗೆ ಗಟ್ಟಿ ಗಟ್ಟಿ ಸಿಗುತ್ತಿತ್ತು. ಆ ಗಂಟಿಗೆ ಬಣ್ಣವೂ ಸರಿಯಾಗಿ ಹಿಡಿಯುವುದಿಲ್ಲ, ನೂಲೂ ಅಲ್ಲೇ ಕಡಿಯುತ್ತದೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಮಿಲ್ಲಿನಲ್ಲಿ ಲೇಬಲ್ ನಂಬಿ ಟೆರಿಕಾಟ್ ಕತ್ತರಿಕೆಯನ್ನು ಕಾಟನ್ ಮಾಲಿನ ಜೊತೆ ಸೇರಿಸಿ ಓಡಿಸಿಬಿಟ್ಟರು. ಆ ದಿನ ನೂಲು ಕಡಿದದ್ದನ್ನು ಜೋಡಿಸಿ ಜೋಡಿಸಿ ಹುಡುಗರ ಬೆರಳು ಸೋತುಹೋಗಿತ್ತು. ಬಟ್ಟೆಯಾದ ಮೇಲೂ ಅದು ಒಂದೆರಡು ಒಗೆತಕ್ಕೇ ಉಂಡೆ ಉಂಡೆಯಾಗಿ ಜುಂಜು ಎದ್ದಿತು. ಬರೀ ಹತ್ತಿಯ ಜುಂಜು ತಾನಾಗಿ ಉದುರಿಹೋಗುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಗಟ್ಟಿಯಾದ್ದರಿಂದ ಬಟ್ಟೆಯನ್ನೇ ಹಿಡಿದು ನಿಲ್ಲುತ್ತದೆ.

ಇನ್ನು ಕೆಮಿಕಲ್ ದಾರಿ. ಕೈಗೆ ಸಿಗದ ನಾರನ್ನು ಕೆಮಿಕಲ್ ಗುರುತಿಸಬಲ್ಲದು, ಯಾಕಂದರೆ ಎರಡರ ಹುಟ್ಟೇ ಬೇರೆ. ಹತ್ತಿ ಅಂದರೆ ಸೆಲ್ಯುಲೋಸ್, ಗ್ಲೂಕೋಸಿನ ಕೊಂಡಿಗಳು ಸೇರಿದ ಸರಪಳಿ. ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬಂದದ್ದು. ಆಸಿಡ್ ಹತ್ತಿಯನ್ನು ತಿನ್ನುತ್ತದೆ, ಪಾಲಿಯೆಸ್ಟರ್ ತಡೆದುಕೊಳ್ಳುತ್ತದೆ. ಬಿಸಿ ಕಾಸ್ಟಿಕ್ ಸೋಡಾ ಪಾಲಿಯೆಸ್ಟರನ್ನು ತಿನ್ನುತ್ತದೆ, ಹತ್ತಿ ತಡೆದುಕೊಳ್ಳುತ್ತದೆ. ಜವಳಿ ಕೆಲಸದಲ್ಲಿ ಈ ಎರಡೂ ಹಳೆಯ ವಿದ್ಯೆಗಳೇ. ಬ್ರಾಸೊ ಸೀರೆ ನೋಡಿದ್ದೀರಲ್ವಾ? ಕೆಲವು ಕಡೆ ದಪ್ಪ ಹೂವು, ಸುತ್ತ ಪಾರದರ್ಶಕ ಬಟ್ಟೆ. ಮಿಶ್ರ ಬಟ್ಟೆಯ ಮೇಲೆ ಆಸಿಡ್ ಗುಣದ ಪೇಸ್ಟ್ ಅಚ್ಚು ಹಾಕಿ, ಬಿಸಿ ಮಾಡಿ, ಅಲ್ಲಿನ ಹತ್ತಿಯನ್ನು ಅಥವಾ ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನಾರನ್ನು ಸುಟ್ಟು ತೆಗೆದದ್ದು ಅದು. ನನ್ನ ಮೆಣಸಿನ ಬಳ್ಳಿಯ ಪಟ್ಟಿಯೂ ಒಂದು ಥರದ ಬ್ರಾಸೊನೇ. ಹಾಗೆಯೇ ಪಾಲಿಯೆಸ್ಟರ್ ಸೀರೆಗೆ ರೇಷ್ಮೆಯ ನಯ ಬರಲಿ ಅಂತ ಕಾಸ್ಟಿಕ್‌ನಲ್ಲಿ ಕುದಿಸಿ ಎಳೆಯನ್ನು ತೆಳ್ಳಗೆ ಮಾಡುವುದೂ ಇದೆ.

ಅಂದರೆ ಕೆಮಿಕಲ್ ದಾರಿಯಲ್ಲಿ ಮೊದಲು ಒಂದು ತೀರ್ಮಾನ ಮಾಡಬೇಕು. ಎರಡರಲ್ಲಿ ಯಾವುದನ್ನು ನಾರಾಗಿ ಉಳಿಸುವುದು, ಯಾವುದನ್ನು ಒಡೆಯುವುದು? ಹಾಂಗ್‌ಕಾಂಗಿನ ಜವಳಿ ಸಂಶೋಧನಾ ಸಂಸ್ಥೆ HKRITA ಪಾಲಿಯೆಸ್ಟರನ್ನು ಉಳಿಸುವ ದಾರಿ ಹಿಡಿಯಿತು. ಒತ್ತಡದ ಪಾತ್ರೆಯಲ್ಲಿ ಬಿಸಿ ನೀರು, ಸ್ವಲ್ಪ ಸಿಟ್ರಿಕ್ ಆಸಿಡ್, ಅಂದರೆ ನಿಂಬೆಯ ಹುಳಿ. ಹತ್ತಿ ಪುಡಿಯಾಗಿ ಉದುರುತ್ತದೆ, ಪಾಲಿಯೆಸ್ಟರ್ ನಾರಾಗಿಯೇ ಉಳಿಯುತ್ತದೆ. ಅದನ್ನು ಮತ್ತೆ ನೂಲು ಮಾಡಬಹುದು. ಹತ್ತಿ ಮಾತ್ರ ಹತ್ತಿಯಾಗಿ ವಾಪಸ್ಸು ಬರುವುದಿಲ್ಲ. ಸ್ವೀಡನ್ನಿನ ಸೋಡ್ರಾ ಎಂಬ ಕಾಗದದ ತಿರುಳಿನ ಕಂಪನಿ ಇದರ ಉಲ್ಟಾ ಮಾಡಿತು. 2019ರಲ್ಲಿ ಮಿಶ್ರ ಬಟ್ಟೆಯಿಂದ ಪಾಲಿಯೆಸ್ಟರನ್ನು ತೆಗೆದು, ಉಳಿದ ಹತ್ತಿಯನ್ನು ಮರದ ತಿರುಳಿಗೆ ಸೇರಿಸಿ, ವಿಸ್ಕೋಸಿನಂಥ ಬಟ್ಟೆಗೆ ಬೇಕಾದ ತಿರುಳು ಮಾಡಲು ಶುರು ಮಾಡಿತು. ಆರಂಭದಲ್ಲಿ ಅವರು ತೆಗೆದುಕೊಂಡದ್ದು ಬಿಳಿ ಬಟ್ಟೆ ಮಾತ್ರ. ಈ ಬಿಳಿ ಅನ್ನುವ ಮಾತು ನೆನಪಿಡಿ, ನಿಮ್ಮ ರಾಶಿಗೆ ಅದು ಮುಖ್ಯ.

ಕಾಸ್ಟಿಕ್ ದಾರಿಯನ್ನು ನಾನೇ ಲ್ಯಾಬ್‌ನಲ್ಲಿ ಹಲವು ಸಲ ಮಾಡಿದ್ದೇನೆ. ದಯವಿಟ್ಟು ಶಾಲೆಯಲ್ಲಿ ಮಕ್ಕಳ ಜೊತೆ ಮಾಡಲು ಹೋಗಬೇಡಿ, ಬಿಸಿ ಕಾಸ್ಟಿಕ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗುತ್ತದೆ. ನಡೆಯುವುದು ಹೀಗೆ. ನೂರಕ್ಕೆ ಹತ್ತು ಪಾಲು ಕಾಸ್ಟಿಕ್ ಇರುವ ನೀರನ್ನು 90 ಡಿಗ್ರಿಗೆ ಕಾಯಿಸಿ, ಶರ್ಟಿನ ತುಂಡು ಹಾಕುತ್ತೇವೆ. ಕ್ರಿಯೆ ಚುರುಕಾಗಲು ಒಂದು ವೇಗವರ್ಧಕವನ್ನೂ ಸೇರಿಸುವುದುಂಟು. ಪಾಲಿಯೆಸ್ಟರ್ ಒಮ್ಮೆಲೇ ಕರಗುವುದಿಲ್ಲ. ಬಾಯಲ್ಲಿಟ್ಟ ಪೆಪ್ಪರ್ಮಿಂಟಿನ ಹಾಗೆ ಮೇಲ್ಮೈಯಿಂದ ಪದರ ಪದರವಾಗಿ ಸವೆಯುತ್ತಾ ತೆಳ್ಳಗಾಗಿ ಕೊನೆಗೆ ಇಲ್ಲವಾಗುತ್ತದೆ. ಪಾತ್ರೆಯಲ್ಲಿ ಉಳಿಯುವುದು ಮೆತ್ತನೆಯ ಹತ್ತಿ ಬಟ್ಟೆ. ನೇಯ್ಗೆ ಹಾಗೇ ಕಾಣುತ್ತದೆ, ಆದರೆ ಎತ್ತಿದರೆ ನೆನೆದ ಕಾಗದದ ಹಾಗೆ ಜಾರುತ್ತದೆ. ಅದನ್ನು ಸೋಸಿ ತೆಗೆದು, ಉಳಿದ ನೀರಿಗೆ ಸಲ್ಫ್ಯೂರಿಕ್ ಆಸಿಡ್ ಹನಿಸಿದರೆ ಹಾಲು ಒಡೆದ ಹಾಗೆ ಬಿಳಿ ಪುಡಿ ತಳಕ್ಕೆ ಇಳಿಯುತ್ತದೆ. ಅದು ಟೆರೆಫ್ತಾಲಿಕ್ ಆಸಿಡ್, ಪಾಲಿಯೆಸ್ಟರಿನ ಎರಡು ಮೂಲವಸ್ತುಗಳಲ್ಲಿ ಒಂದು. ಇನ್ನೊಂದು ಎಥಿಲೀನ್ ಗ್ಲೈಕಾಲ್, ಕಾರಿನ ರೇಡಿಯೇಟರಿಗೆ ಹಾಕುವ ಕೂಲಂಟಿನಲ್ಲಿ ಇರುವುದೇ. ಅದು ನೀರಿನಲ್ಲೇ ಉಳಿಯುತ್ತದೆ.

ನಿಮ್ಮ ರಾಶಿಯಿಂದ ಗುಂಡಿ ತೆಗೆದ, ಚೆನ್ನಾಗಿ ಒಣಗಿದ 10 ಕೆಜಿ ಶರ್ಟ್ ಹಾಕಿದೆವು ಅಂತ ಇಟ್ಟುಕೊಳ್ಳಿ. ಲೇಬಲ್ ಪ್ರಕಾರ 6.5 ಕೆಜಿ ಪಾಲಿಯೆಸ್ಟರ್, 3.5 ಕೆಜಿ ಹತ್ತಿ. ಎಲ್ಲೂ ಏನೂ ನಷ್ಟವಾಗದಿದ್ದರೆ ಲೆಕ್ಕ ಹೀಗೆ ಬರುತ್ತದೆ. ಪಾಲಿಯೆಸ್ಟರ್ ಒಡೆಯಲು ಕನಿಷ್ಠ 2.7 ಕೆಜಿ ಕಾಸ್ಟಿಕ್ ಖರ್ಚಾಗುತ್ತದೆ. ಪುಡಿಯನ್ನು ತಳಕ್ಕಿಳಿಸಲು 3.3 ಕೆಜಿ ಸಲ್ಫ್ಯೂರಿಕ್ ಆಸಿಡ್ ಬೇಕು. ಸಿಗುವುದು 5.6 ಕೆಜಿ ಟೆರೆಫ್ತಾಲಿಕ್ ಆಸಿಡ್, 2.1 ಕೆಜಿ ಗ್ಲೈಕಾಲ್, 3.5 ಕೆಜಿ ಹತ್ತಿ. ಇದರ ಜೊತೆಗೆ 4.8 ಕೆಜಿ ಸೋಡಿಯಂ ಸಲ್ಫೇಟ್ ಎಂಬ ಉಪ್ಪು. ಹತ್ತು ಕಿಲೋ ಬಟ್ಟೆಗೆ ಸುಮಾರು ಐದು ಕಿಲೋ ಉಪ್ಪು! ಡೈಯಿಂಗ್ ಘಟಕಗಳಲ್ಲಿ, ಸೋಪಿನ ಪುಡಿಯಲ್ಲಿ ಆ ಉಪ್ಪಿಗೆ ಉಪಯೋಗವಿದೆ. ಆದರೆ ಶುದ್ಧ ಮಾಡಿ, ನೀರು ಆರಿಸಿ ಕೊಟ್ಟರೆ ಮಾತ್ರ ಯಾರಾದರೂ ಕೊಳ್ಳುತ್ತಾರೆ. ಹಾಗೇ ಹೊಳೆಗೆ ಬಿಟ್ಟರೆ ಕಾವೇರಿಗೆ ಬಟ್ಟೆಯ ಕಸಕ್ಕಿಂತ ಕೆಟ್ಟದ್ದನ್ನು ಬಿಟ್ಟ ಹಾಗೆ. ಗ್ಲೈಕಾಲನ್ನು ನೀರಿನಿಂದ ಬೇರ್ಪಡಿಸಲೂ ಬಹಳ ಶಾಖ ಬೇಕು. ಕೆಮಿಕಲ್ ರೀಸೈಕ್ಲಿಂಗ್ ಅಂದ ಕೂಡಲೇ ಅದು ಶುದ್ಧ ದಾರಿ ಅಂತ ನಂಬುವವರಿಗೆ ನಾನು ಮೊದಲು ತೋರಿಸುವುದು ಈ ಉಪ್ಪಿನ ಲೆಕ್ಕವನ್ನೇ.

ಇನ್ನೊಂದು ಮಾತು. ಹಳೆ ಶರ್ಟಿನಲ್ಲಿ ಆ 3.5 ಕೆಜಿ ಹತ್ತಿ ಸಿಗುವುದಿಲ್ಲ. ಎರಡು ವರ್ಷ ಹಾಕಿ, ಕಲ್ಲಿಗೆ ಬಡಿದು, ಬ್ರಷ್ ಹಾಕಿ ಉಜ್ಜಿದ ಶರ್ಟಿನಲ್ಲಿ ಹತ್ತಿ ಸವೆದು ನೀರಲ್ಲಿ ಹೋಗಿರುತ್ತದೆ. ಪಾಲಿಯೆಸ್ಟರ್ ಅಷ್ಟು ಸವೆಯುವುದಿಲ್ಲ. ಬಣ್ಣದ ಶರ್ಟಿನ ಕಾಲರ್ ಮಡಿಕೆಯನ್ನು ನೋಡಿ, ಬೆಳ್ಳಗೆ ನರೆತ ಹಾಗೆ ಕಾಣುತ್ತದಲ್ಲ, ಅಲ್ಲಿ ಬಣ್ಣ ಮಾಸಿದ್ದಷ್ಟೇ ಅಲ್ಲ, ಹತ್ತಿಯೇ ಹೋಗಿರುತ್ತದೆ. ಉಳಿದ ಹತ್ತಿಯ ಸರಪಳಿಗಳೂ ಒಗೆದು ಒಗೆದು ತುಂಡಾಗಿರುತ್ತವೆ. ಹೊಸ ಹತ್ತಿಯಲ್ಲಿ ಒಂದು ಸರಪಳಿಗೆ ಸಾವಿರಾರು ಗ್ಲೂಕೋಸ್ ಕೊಂಡಿ ಇದ್ದರೆ ಹಳೆಯದರಲ್ಲಿ ಕೆಲವು ನೂರಕ್ಕೆ ಇಳಿದಿರಬಹುದು. ಇದು ಪೂರಾ ಕೆಟ್ಟ ಸುದ್ದಿಯಲ್ಲ. ವಿಸ್ಕೋಸ್ ಮಾಡಲು ಹೇಗೂ ಸರಪಳಿಯನ್ನು ಕೆಲವು ನೂರಕ್ಕೆ ಇಳಿಸಲೇಬೇಕು. ಆದರೆ ಮೂಟೆಯಲ್ಲಿ ಬೂಷ್ಟು ಹಿಡಿದರೆ ಅದಕ್ಕಿಂತಲೂ ಕೆಳಗೆ ಹೋಗುತ್ತದೆ. ಆಗ ಅದು ಯಾವ ನಾರಿಗೂ ಸಲ್ಲುವುದಿಲ್ಲ.

ಬಣ್ಣದ ಕಾಟವೂ ಇಲ್ಲೇ ಬರುತ್ತದೆ. ಮಿಶ್ರ ಬಟ್ಟೆಗೆ ಎರಡು ಸಲ ಬಣ್ಣ ಹಾಕಿರುತ್ತಾರೆ. ಪಾಲಿಯೆಸ್ಟರಿಗೆ ಒಂದು ಜಾತಿಯ ಬಣ್ಣ, ಅದು ನಾರಿನೊಳಗೆ ಇಳಿದು ಕೂತಿರುತ್ತದೆ. ಹತ್ತಿಗೆ ಇನ್ನೊಂದು, ಅದು ಸೆಲ್ಯುಲೋಸಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತದೆ. ಕಾಸ್ಟಿಕ್‌ನಲ್ಲಿ ಕುದಿಸಿದಾಗ ಮೊದಲನೆಯದು ನೀರಿಗೆ ಬಂದು ಬಿಳಿ ಪುಡಿಯನ್ನು ಮಾಸಲು ಮಾಡುತ್ತದೆ, ಎರಡನೆಯದು ಹತ್ತಿಯಲ್ಲೇ ಉಳಿಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ತೆಗೆಯಬೇಕು. ಇಸ್ತ್ರಿ ಬೇಡದ ಬಟ್ಟೆ ಅಂತ ಮಾರುತ್ತಾರಲ್ಲ, ಅದರಲ್ಲಿ ಹತ್ತಿಯ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕುವ ರೆಸಿನ್ ಇರುತ್ತದೆ. ಸುಕ್ಕು ಬೀಳದಿರುವುದು ಅದರಿಂದಲೇ. ಕಟ್ಟಿಹಾಕಿದ ಹತ್ತಿ ವಿಸ್ಕೋಸ್ ಮಾಡುವ ದ್ರಾವಣದಲ್ಲಿ ಕರಗದು. ಆ ರೆಸಿನ್ನನ್ನು ಮೊದಲು ಆಸಿಡ್‌ನಲ್ಲಿ ಬಿಡಿಸಬೇಕು, ಮತ್ತೊಂದು ಹಂತ, ಮತ್ತೊಂದು ಖರ್ಚು.

ಇಷ್ಟೆಲ್ಲ ಮಾಡಿ ಸಿಕ್ಕ ವಸ್ತು ಹೊಸ ಪಾಲಿಯೆಸ್ಟರ್, ಹೊಸ ಮರದ ತಿರುಳಿನ ಜೊತೆ ಮಾರುಕಟ್ಟೆಯಲ್ಲಿ ಗುದ್ದಾಡಬೇಕು. ಅವೆರಡೂ ಅಗ್ಗ. ಸ್ವೀಡನ್ನಿನ ರಿನ್ಯೂಸೆಲ್ ಕಂಪನಿ ಹೆಚ್ಚುಕಮ್ಮಿ ಶುದ್ಧ ಕಾಟನ್ ಬಟ್ಟೆಯನ್ನೇ ಆರಿಸಿ ತಿರುಳು ಮಾಡುತ್ತಿತ್ತು. ಮಿಶ್ರ ಬಟ್ಟೆಯ ತಲೆನೋವನ್ನು ಮುಟ್ಟಿರಲಿಲ್ಲ. ಆದರೂ ತಿರುಳಿಗೆ ಸಾಕಷ್ಟು ಗಿರಾಕಿ ಸಿಗದೆ 2024ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆಮೇಲೆ ಹೊಸ ಮಾಲೀಕರು ಸರ್ಕ್ಯುಲೋಸ್ ಅನ್ನುವ ಹೆಸರಿನಲ್ಲಿ ಅದನ್ನು ಮುಂದುವರಿಸಿದರು. ಸುಲಭದ ಮಾಲಿಗೇ ಈ ಪಾಡಾದರೆ ಕಷ್ಟದ ಮಾಲಿನ ಗತಿ ಯೋಚಿಸಿ. ಹೀಗಂತ ಕೆಮಿಕಲ್ ದಾರಿ ಬೇಡ ಅಂತ ನಾನು ಹೇಳುತ್ತಿಲ್ಲ. ಮಿಶ್ರ ಬಟ್ಟೆ ಮತ್ತೆ ಶರ್ಟಿನ ಬಟ್ಟೆಯಾಗುವುದಿದ್ದರೆ ಅದು ಆ ದಾರಿಯಿಂದಲೇ ಅಂತ ನನಗೆ ಖಚಿತವಾಗಿದೆ. ಆದರೆ ಅದು ದೊಡ್ಡ ಕಾರ್ಖಾನೆಯ ಕೆಲಸ. ಒಂದೇ ಥರದ ಬಟ್ಟೆ ಟನ್‌ಗಟ್ಟಲೆ, ತಿಂಗಳು ತಿಂಗಳೂ ಬರಬೇಕು. ಉಪ್ಪು, ಕಾಸ್ಟಿಕ್, ನೀರು ಎಲ್ಲವನ್ನೂ ವಾಪಸ್ಸು ಹಿಡಿಯುವ ವ್ಯವಸ್ಥೆ ಇರಬೇಕು. ವಿರಾಜಪೇಟೆಯ 300 ಕೆಜಿಗೆ ಆ ಬಾಗಿಲು ಇವತ್ತು ತೆರೆದಿಲ್ಲ.

ಹಾಗಾಗಿ ನಿಮ್ಮ ರಾಶಿಗೆ ಇವತ್ತಿನ ಉತ್ತರ ಮೆಷಿನ್ ದಾರಿ. ಅದರಲ್ಲೂ ನೂಲಲ್ಲ, ಹಿಂಜಿ ಒತ್ತಿದ ಹಾಳೆ. ಹಾಸಿಗೆ, ಸೋಫಾದ ಒಳಪದರ, ವಾಹನಗಳ ಶಬ್ದ ತಡೆಯುವ ಪ್ಯಾಡಿಗೆ ಇಂಥ ಹಿಂಜಿದ ಮಾಲು ಬೇಕು. ಅಲ್ಲಿ ನಾರು ಗಿಡ್ಡವಾದರೂ ನಡೆಯುತ್ತದೆ, ಪಾಲಿಯೆಸ್ಟರ್ ಬೆರೆತಿದ್ದರೆ ಅಡ್ಡಿಯಿಲ್ಲ, ಬಣ್ಣವನ್ನೂ ಯಾರೂ ಕೇಳುವುದಿಲ್ಲ. ಮೈಸೂರಿನ ಗುಜರಿಯವರನ್ನು ಇನ್ನೊಂದು ಸಲ ಕೇಳುವಾಗ "ಟೆರಿಕಾಟ್ ತಗೋತೀರಾ" ಅಂತ ಕೇಳಬೇಡಿ. "ಹಿಂಜುವ ಫ್ಯಾಕ್ಟರಿಗೆ ಮಾಲು ಕಳಿಸ್ತೀರಾ" ಅಂತ ಕೇಳಿ. ಒರೆಸುವ ಬಟ್ಟೆಯ ವ್ಯಾಪಾರಿಯೇ ಬೇರೆ, ಹಿಂಜುವ ಮಾಲಿನ ವ್ಯಾಪಾರಿಯೇ ಬೇರೆ.

ಅದಕ್ಕೆ ಮುಂಚೆ ರಾಶಿಯನ್ನು ಒಡೆಯಿರಿ. ಹಾಕಿಕೊಳ್ಳಲು ಆಗುವ ಶರ್ಟನ್ನು ರೀಸೈಕ್ಲಿಂಗ್ ಮೂಟೆಗೆ ಹಾಕಲೇಬೇಡಿ. ಮುಂದಿನ ಜೂನ್‌ನಲ್ಲಿ ಯಾವುದೋ ಮಗುವಿಗೆ ಅದು ಬೇಕಾಗುತ್ತದೆ. ಉಳಿದದ್ದರಲ್ಲಿ ಬಿಳಿ ಶರ್ಟ್ ಒಂದು ಕಡೆ, ಬಣ್ಣದ್ದು ಒಂದು ಕಡೆ, ಪ್ಯಾಂಟು ಮತ್ತು ಸ್ಕರ್ಟ್ ಇನ್ನೊಂದು ಕಡೆ. ಪ್ಯಾಂಟಿನ ಬಟ್ಟೆ ಬಹಳ ಸಲ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಮಿಶ್ರಣ, ಹತ್ತಿ ಅಲ್ಲ. ಹಿಗ್ಗುವ ಬಟ್ಟೆ, ಸಾಕ್ಸ್, ಎಲಾಸ್ಟಿಕ್ ಇರುವ ಸೊಂಟಪಟ್ಟಿ ಬೇರೆಯೇ ಇರಲಿ. ಎಲಾಸ್ಟಿಕ್ ಎಳೆ ಮುಳ್ಳಿನ ಉರುಳೆಗೆ ಸುತ್ತಿಕೊಂಡರೆ ಮೆಷಿನ್ ನಿಲ್ಲಿಸಿ ಚಾಕುವಿನಿಂದ ಕೊಯ್ದು ತೆಗೆಯಬೇಕಾಗುತ್ತದೆ.

ಲೇಬಲ್ ಇಲ್ಲದ ಬಟ್ಟೆಗೆ ದೊಡ್ಡವರು ಒಬ್ಬರು ಬೆಂಕಿ ಪರೀಕ್ಷೆ ಮಾಡಬಹುದು. ಹೊಲಿಗೆಯ ನೂಲಲ್ಲ, ಬಟ್ಟೆಯ ಒಳಗಿನಿಂದಲೇ ನಾಲ್ಕಾರು ನೂಲು ಕಿತ್ತು ತಿರುಚಿ, ಇಕ್ಕಳದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಬೆಂಕಿ ತೋರಿಸಿ. ಶುದ್ಧ ಹತ್ತಿ ಕಾಗದದ ಹಾಗೆ ಉರಿದು, ಕಾಗದದ ವಾಸನೆ ಬಂದು, ಊದಿದರೆ ಹಾರುವ ಬೂದಿ ಉಳಿಸುತ್ತದೆ. ಶುದ್ಧ ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಟೆರಿಕಾಟ್ ಎರಡೂ ಮಾಡುತ್ತದೆ. ಹತ್ತಿ ದೀಪದ ಬತ್ತಿಯ ಹಾಗೆ ನಿಂತು ಕರಗಿದ ಪಾಲಿಯೆಸ್ಟರನ್ನು ಹೀರಿಕೊಂಡು ಉರಿಸುತ್ತದೆ. ತುದಿಯಲ್ಲಿ ಕಪ್ಪು ಕರಕು ಉಳಿಯುತ್ತದೆ. ತಣ್ಣಗಾದ ಮೇಲೆ ಬೆರಳಲ್ಲಿ ಹೊಸಕಿದರೆ ಸ್ವಲ್ಪ ಪುಡಿಯಾಗಿ, ನಡುವೆ ಗಟ್ಟಿ ಕಾಳು ಸಿಗುತ್ತದೆ. ವಿಸ್ಕೋಸ್ ಮಾತ್ರ ಹತ್ತಿಯ ಹಾಗೆಯೇ ಉರಿಯುತ್ತದೆ, ಅದನ್ನು ಈ ಪರೀಕ್ಷೆಯಲ್ಲಿ ಬೇರೆ ಮಾಡಲು ಆಗದು.

ತೋಟದಲ್ಲಿ ಹೂಳಬಹುದಲ್ವಾ, ಗೊಬ್ಬರವಾಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನನ್ನ ಬಳ್ಳಿಯ ಪಟ್ಟಿಗೆ ಆದದ್ದೇ ಮಣ್ಣಿನಲ್ಲೂ ಆಗುತ್ತದೆ. ಹತ್ತಿ ಹೋಗುತ್ತದೆ, ಪಾಲಿಯೆಸ್ಟರ್ ಬಲೆ ಕಾಫಿ ಗಿಡದ ಬೇರಿನ ನಡುವೆ ಉಳಿಯುತ್ತದೆ. ಒಲೆಗೂ ಹಾಕಬೇಡಿ.

ಬಿಳಿ ಶರ್ಟುಗಳ ಬಗ್ಗೆ ಒಂದು ಸಲಹೆ. ಅವು ನಿಮ್ಮ ರಾಶಿಯಲ್ಲೇ ಬೆಲೆಬಾಳುವ ಮಾಲು, ಕೆಮಿಕಲ್ ದಾರಿಯವರು ಮೊದಲು ಕೇಳುವುದು ಅವನ್ನೇ. ಪಕ್ಕದ ಶಾಲೆಗಳ ಬಿಳಿಯನ್ನೂ ಸೇರಿಸಿ ಇಡಲು ಜಾಗವಿದ್ದರೆ ಇಡಿ. ಮಾರ್ಚ್ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, ಗುಂಡಿ ಕತ್ತರಿಸಿ, ಒಳಗೆ ಪ್ಲಾಸ್ಟಿಕ್ ಇರುವ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಗೋಡೆಗೆ ತಾಗದ ಹಾಗೆ ಹಲಗೆಯ ಮೇಲೆ ಇಡಿ. ಮಳೆ ಶುರುವಾದ ಮೇಲೆ ಕಟ್ಟಿದ ಮೂಟೆಯಲ್ಲಿ ಬೂಷ್ಟು ಹಿಡಿಯುವುದು ಖಂಡಿತ. ಈಗಾಗಲೇ ಕಮಟು ವಾಸನೆ ಬರುತ್ತಿರುವ ಮೂಟೆ ಇದ್ದರೆ ಅದನ್ನು ಬಿಳಿಯ ಜೊತೆ ಸೇರಿಸದೆ, ಮೊದಲು ಹಿಂಜುವವರಿಗೆ ಕಳಿಸಿಬಿಡಿ.